ಪ್ಯಾಟರ್ನ್ ಮರೆತ ಫೋನು

ಮಕ್ಕಳೇ, ಅಜ್ಜಿ ಆಂಡ್ರಾಯ್ಡ್ ಫೋನಿನ ಪ್ಯಾಟರ್ನ್ ಮರೆತರೆ ಮೊದಲು ಖಾಲಿ ಕಾಗದದ ಮೇಲೆ ಬೆರಳಾಡಿಸಲು ಹೇಳಿ. ತಲೆ ಮರೆತದ್ದು ಕೆಲವೊಮ್ಮೆ ಕೈಗೆ ನೆನಪಿರುತ್ತದೆ. ಬಹಳ ಹಳೆಯ ಫೋನುಗಳು ಜಿಮೇಲ್ ಪಾಸ್‌ವರ್ಡ್ ಕೊಟ್ಟರೆ ತೆರೆಯುತ್ತಿದ್ದವು. ಈಗ ಸಾಮಾನ್ಯವಾಗಿ ಉಳಿಯುವ ದಾರಿ ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನೊಳಗಿನದೆಲ್ಲ ಅಳಿಸುವುದು.

ಅಳಿಸುವ ಮೊದಲು ಏನೇನು ಹೊರಗೆ ಜಮಾ ಆಗಿದೆ ಎಂದು ನೋಡಬೇಕು. ಕಂಪ್ಯೂಟರಿನಲ್ಲಿ ಅಜ್ಜಿಯ ಜಿಮೇಲ್‌ನಿಂದ contacts.google.com ಮತ್ತು photos.google.com ತೆರೆಯಿರಿ. ಅಲ್ಲಿ ಕಾಣುವ ನಂಬರು, ಫೋಟೋ ರೀಸೆಟ್ ಆದ ಮೇಲೂ ಸಿಗುತ್ತವೆ. ವಾಟ್ಸಾಪ್ ಮಾತುಕತೆ ಗೂಗಲ್ ಖಾತೆಯಲ್ಲಿ ಬ್ಯಾಕಪ್ ಆಗಿದ್ದರೆ ಮಾತ್ರ ಮರಳುತ್ತದೆ.

ನಮ್ಮ ಪಕ್ಕದ ಮನೆಯ ಅಜ್ಜಿಯ ಖಾತೆಯಲ್ಲಿ ಫೋಟೋಗಳು ಯುಗಾದಿಯವರೆಗೆ ಮಾತ್ರ ಇದ್ದವು. ಆಮೇಲೆ ತೆಗೆದ ಮೊಮ್ಮಗಳ ನಾಮಕರಣದ ಚಿತ್ರಗಳು ಫೋನಿನಲ್ಲೇ ಇದ್ದು ರೀಸೆಟ್‌ನಲ್ಲಿ ಹೋದವು. ಮಗನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ 4 ಮಾತ್ರ ಅವನ ಫೋನಿನಿಂದ ವಾಪಸು ಬಂದವು.

ಇನ್ನೊಂದು ಮಾತು. ರೀಸೆಟ್ ಆದ ಫೋನು ಮೊದಲಿದ್ದ ಅದೇ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕಳ್ಳರ ಕಾಟಕ್ಕೆಂದು ಮಾಡಿದ ಈ ಕಾವಲಿಗೆ ಅಜ್ಜಿಯೂ ಒಂದೇ, ಕಳ್ಳನೂ ಒಂದೇ. ಅದಕ್ಕೇ ಆ ಪಾಸ್‌ವರ್ಡ್ ಸರಿಯಿದೆಯೇ ಎಂದು ಕಂಪ್ಯೂಟರಿನಲ್ಲಿ ಖಾತ್ರಿಯಾಗುವವರೆಗೆ ರೀಸೆಟ್‌ಗೆ ಕೈ ಹಾಕಬೇಡಿ.