ಸಾವಿಲ್ಲದವರ ಸಿಂಹಾಸನ

ಸಂಪಾದಕರ ಮಾತು

ಸ್ವರ್ಗದ ಮೊದಲ ಅರಸ ಅಲಲು. ಅವನು ಸಿಂಹಾಸನದಲ್ಲಿ ಕೂತಿದ್ದಾಗ ಅನು ಎಂಬ ಬಲಶಾಲಿ ದೇವತೆ ಅವನ ಕಾಲಿಗೆರಗಿ, ಪಾನದ ಬಟ್ಟಲನ್ನು ಕೈಗಿಡುತ್ತ ಊಳಿಗ ಮಾಡುತ್ತಿದ್ದ. ಒಂಬತ್ತನೆಯ ವರ್ಷ ಅನು ಯುದ್ಧ ಹೂಡಿದ. ಸೋತ ಅಲಲು ಕತ್ತಲ ಭೂಮಿಯೊಳಕ್ಕೆ ಇಳಿದುಹೋದ. ಈಗ ಅನು ಅರಸ. ಅವನಿಗೆ ಬಟ್ಟಲು ಹಿಡಿಯಲು ನಿಂತವನು ಅಲಲುವಿನ ಕುಲದ ಕುಮಾರ್ಬಿ. ಮತ್ತೆ ಒಂಬತ್ತನೆಯ ವರ್ಷ, ಮತ್ತೆ ಯುದ್ಧ. ಆಕಾಶಕ್ಕೆ ಹಾರಿ ತಪ್ಪಿಸಿಕೊಳ್ಳಲು ನೋಡಿದ ಅನುವನ್ನು ಕುಮಾರ್ಬಿ ಕಾಲು ಹಿಡಿದು ಕೆಳಕ್ಕೆಳೆದು, ಅವನ ಪುರುಷತ್ವವನ್ನೇ ಕಚ್ಚಿ ನುಂಗಿ, ಗೆದ್ದೆನೆಂದು ನಕ್ಕ. ಆಗ ಅನು ಹೇಳಿದ: ಹಿಗ್ಗಬೇಡ, ನಿನ್ನ ಹೊಟ್ಟೆಯಲ್ಲಿ ನಾನು ಬಸಿರಿಟ್ಟಿದ್ದೇನೆ. ಕುಮಾರ್ಬಿ ಉಗುಳಿದ, ಆದರೆ ಎಲ್ಲವೂ ಹೊರಬರಲಿಲ್ಲ. ಒಳಗುಳಿದ ಬೀಜದಿಂದ ಸಿಡಿಲಿನ ದೇವತೆ ತೆಶುಬ್ ಬೆಳೆದ, ಕುಮಾರ್ಬಿಯ ದೇಹವನ್ನು ಸೀಳಿ ಹುಟ್ಟಿದ, ಕೊನೆಗೆ ಸ್ವರ್ಗದ ಅರಸನಾದ.

ಇದು ಹುರ್ರಿಯನ್ ಜನರ ಕಥೆ. ನಮಗೆ ಸಿಕ್ಕಿರುವುದು ಹಿಟ್ಟೈಟ್ ಭಾಷೆಯಲ್ಲಿ, ಬೆಣೆಲಿಪಿಯ ಮಣ್ಣಿನ ಫಲಕಗಳ ಮೇಲೆ. ಇಂದಿನ ಟರ್ಕಿಯಲ್ಲಿರುವ ಹತ್ತುಸಾ ಹಿಟ್ಟೈಟರ ರಾಜಧಾನಿಯಾಗಿತ್ತು. ಅಲ್ಲಿ 1906ರಲ್ಲಿ ಶುರುವಾದ ಉತ್ಖನನಗಳಲ್ಲಿ ಸಾವಿರಾರು ಫಲಕಗಳು ದೊರೆತವು. ಈ ಹಾಡು ಅವುಗಳಲ್ಲೊಂದು. ವಿದ್ವಾಂಸರು ಇದನ್ನು ಓದಿ ಪ್ರಕಟಿಸತೊಡಗಿದಾಗ ಗ್ರೀಕ್ ಸಾಹಿತ್ಯ ಬಲ್ಲವರೆಲ್ಲ ಬೆರಗಾದರು. ಕ್ರಿ.ಪೂ. 700ರ ಸುಮಾರಿನ ಹೆಸಿಯಡ್ ಕವಿಯ ‘ಥಿಯಾಗೊನಿ’ಯಲ್ಲಿ ಹೆಚ್ಚುಕಡಿಮೆ ಇದೇ ಕಥೆಯಿತ್ತು. ಆಕಾಶದೇವ ಯುರೇನಸ್‌ನ ಪುರುಷತ್ವವನ್ನು ಮಗ ಕ್ರೋನಸ್ ಕುಡುಗೋಲಿನಿಂದ ಕತ್ತರಿಸುತ್ತಾನೆ. ಕ್ರೋನಸ್‌ನನ್ನು ಮಗ ಜ್ಯೂಸ್ ಕೆಳಗಿಳಿಸುತ್ತಾನೆ. ಜ್ಯೂಸ್ ಕೂಡ ಸಿಡಿಲಿನ ದೇವತೆಯೇ.

ಈ ಸಂಚಿಕೆಯ ವಸ್ತು ಉತ್ತರಾಧಿಕಾರ. ಹಾಗಾಗಿ ಈ ಕಥೆಗಳು ಎತ್ತುವ ಪ್ರಶ್ನೆಯಿಂದಲೇ ತೊಡಗುವುದು ಸರಿಯೆನಿಸಿತು: ದೇವತೆಗಳ ಲೋಕದಲ್ಲಿ ಹಿರಿಯರನ್ನು ಕಿರಿಯರು ಉರುಳಿಸುವುದು ಇಷ್ಟು ನಾಡುಗಳಲ್ಲಿ ಮತ್ತೆ ಮತ್ತೆ ಬರುವುದೇಕೆ?

ಒಂದು ಭಾಗಕ್ಕೆ ಉತ್ತರ ಸುಲಭ. ಕಥೆಗಳು ಪಯಣಿಸುತ್ತವೆ. ಹಿಟ್ಟೈಟ್ ಹಾಡುಗಳಲ್ಲಿ ಬರುವ ಹಜ್ಜಿ ಬೆಟ್ಟ ಸಿರಿಯಾ ಮತ್ತು ಟರ್ಕಿಯ ಗಡಿಯಲ್ಲಿ, ಸಮುದ್ರದ ಅಂಚಿಗೇ ಎದ್ದು ನಿಂತಿದೆ. ಪದಚ್ಯುತನಾದ ಕುಮಾರ್ಬಿ ಹುಟ್ಟಿಸಿದ ಕಲ್ಲಿನ ದೈತ್ಯ ಉಲ್ಲಿಕುಮ್ಮಿಯನ್ನು ತೆಶುಬ್ ಮೊದಲ ಸಲ ನೋಡುವುದು ಆ ಬೆಟ್ಟದ ಮೇಲಿಂದ. ಗ್ರೀಕರು ಅದೇ ಬೆಟ್ಟವನ್ನು ಕಾಸಿಯಸ್ ಎಂದರು. ಟೈಫನ್ ಎಂಬ ದೈತ್ಯನೊಡನೆ ಜ್ಯೂಸ್ ಹೋರಾಡಿದ ತಾಣಗಳಲ್ಲಿ ಅದೂ ಒಂದು. ಅಪ್ಪನನ್ನು ಉರುಳಿಸಿ ಗೆದ್ದ ದೇವತೆಗೆ ಆಮೇಲೆ ಎದುರಾಗುವ ದೈತ್ಯ, ಮತ್ತು ಆ ಕಾಳಗದ ಬೆಟ್ಟ, ಎರಡೂ ಹೊಂದುವುದನ್ನು ಬರೀ ಆಕಸ್ಮಿಕವೆನ್ನಲಾಗದು. ಆದರೆ ಕಥೆ ಹೇಗೆ ಬಂತು ಎಂದು ತಿಳಿದರೆ, ಬಂದ ಮೇಲೆ ಅದು ಅಲ್ಲಿ ಏಕೆ ನೆಲೆಯೂರಿತು ಎಂಬುದು ತಿಳಿದಂತಾಗಲಿಲ್ಲ.

ಅದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಮನಶ್ಶಾಸ್ತ್ರದ್ದು: ಪ್ರತಿ ಮಗನ ಒಳಗೂ ಅಪ್ಪನ ಮೇಲೊಂದು ಹಗೆಯಿರುತ್ತದೆ, ಪುರಾಣ ಅದನ್ನು ಆಕಾಶಕ್ಕೆ ಏರಿಸುತ್ತದೆ. ಗ್ರೀಕ್ ಕಥೆಗೆ ಇದು ಒಂದಿಷ್ಟು ಒಪ್ಪುತ್ತದೆ. ಹುರ್ರಿಯನ್ ಕಥೆಗೆ ಒಪ್ಪುವುದಿಲ್ಲ. ಅಲ್ಲಿ ಅನು ಅಲಲುವಿನ ಮಗನಲ್ಲ, ಕುಮಾರ್ಬಿ ಅನುವಿನ ಮಗನಲ್ಲ. ಎರಡು ಕುಲಗಳು ಸರದಿಯ ಮೇಲೆ ಒಂದನ್ನೊಂದು ಕೆಡವುತ್ತಿವೆ. ಈ ಸರದಿ ನಿಲ್ಲುವುದು ತೆಶುಬ್‌ನಲ್ಲಿ, ಏಕೆಂದರೆ ಅವನ ಬೀಜ ಅನುವಿನದು, ಹೊತ್ತ ಗರ್ಭ ಕುಮಾರ್ಬಿಯದು. ಜಗಳವಾಡುತ್ತಿದ್ದ ಎರಡು ಮನೆತನಗಳೂ ಅವನಲ್ಲಿ ಸೇರಿವೆ. ಕಚ್ಚಿ ನುಂಗಿದ ಆ ಘೋರ ಪ್ರಸಂಗ ಕಥೆಗೆ ಬೇಕಾದದ್ದೇ ಇದಕ್ಕಾಗಿ.

ನನಗೆ ತೋರುವ ಮೂಲ ಕಾರಣ ತೀರ ಸರಳವಾದದ್ದು. ಮನುಷ್ಯರಲ್ಲಿ ಅಪ್ಪ ಸಾಯುತ್ತಾನೆ, ಮಗನಿಗೆ ಪಟ್ಟವಾಗುತ್ತದೆ. ದೇವತೆಗೆ ಸಾವಿಲ್ಲ. ಸಾಯದ ಅಪ್ಪನಿಂದ ಮಗನಿಗೆ ಪಟ್ಟ ಬರುವ ದಾರಿ ಯಾವುದು? ಕಾಯುವುದರಿಂದ ಪ್ರಯೋಜನವಿಲ್ಲ. ಆದರೆ ಭಕ್ತರು ಇಂದು ಪೂಜಿಸುತ್ತಿರುವ ದೇವತೆ ಸೃಷ್ಟಿಯ ಮೊದಲಿನಿಂದಲೂ ಇದ್ದವನಲ್ಲ, ಅವನಿಗೂ ಹಿಂದೆ ಆಕಾಶವಿತ್ತು, ಭೂಮಿಯಿತ್ತು ಎಂದು ಕಥೆಯೇ ಹೇಳುತ್ತದೆ. ಹಾಗಾದರೆ ಸಿಂಹಾಸನ ಯಾರ ಕೈಯಿಂದಲೋ ಇವನ ಕೈಗೆ ಬಂದಿರಬೇಕು. ಕೊಡುವವನು ತಾನಾಗಿ ಕೊಡದಿದ್ದರೆ ಕಸಿದುಕೊಂಡೇ ಬರಬೇಕು.

ಇಲ್ಲಿಂದ ಇನ್ನೊಂದು, ಹೆಚ್ಚು ಕಠಿಣವಾದ ಪ್ರಶ್ನೆ ಹುಟ್ಟುತ್ತದೆ. ಕಸಿದುಕೊಳ್ಳುವುದು ನ್ಯಾಯವಾದರೆ, ನಾಳೆ ಇವನಿಂದಲೂ ಕಸಿದುಕೊಳ್ಳಬಹುದಲ್ಲ? ಉರುಳಿಸುವಿಕೆಗಿಂತ ಅದರ ಕೊನೆಯೇ ಈ ಕಥೆಗಳ ನಿಜವಾದ ಕಾಳಜಿ ಎಂದು ನಾನು ನಂಬುತ್ತೇನೆ.

ಹೆಸಿಯಡ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಯುರೇನಸ್ ಮಕ್ಕಳನ್ನು ಹೊರಬರಲು ಬಿಡದೆ ತಾಯಿ ಗಾಯಾಳ ಒಡಲಲ್ಲೇ ಅದುಮಿಟ್ಟ. ತಾಯಿಯೇ ಮಗನ ಕೈಗೆ ಕುಡುಗೋಲು ಕೊಟ್ಟಳು. ಇದರಿಂದ ಪಾಠ ಕಲಿತ ಕ್ರೋನಸ್ ಮಕ್ಕಳು ಹುಟ್ಟಿದೊಡನೆ ತನ್ನ ಹೊಟ್ಟೆಗೇ ಹಾಕಿಕೊಂಡ. ಆದರೆ ತಾಯಿ ರಿಯಾ ಹೊರಗೇ ಉಳಿದಿದ್ದಳು. ಅವಳು ಕೂಸಿನ ಬದಲು ಬಟ್ಟೆಯಲ್ಲಿ ಸುತ್ತಿದ ಕಲ್ಲನ್ನು ನುಂಗಿಸಿ, ಜ್ಯೂಸ್‌ನನ್ನು ಕ್ರೀಟ್ ದ್ವೀಪದಲ್ಲಿ ಬಚ್ಚಿಟ್ಟಳು. ಜ್ಯೂಸ್ ಅರಸನಾದ ಮೇಲೆ ಅವನಿಗೂ ಅದೇ ಎಚ್ಚರಿಕೆ ಬಂತು: ಅವನ ಹೆಂಡತಿ ಮೇಟಿಸ್ ಮೊದಲು ಒಬ್ಬ ಮಗಳನ್ನು, ಆಮೇಲೆ ದೇವ-ಮಾನವರನ್ನು ಆಳುವ ಮಗನನ್ನು ಹೆರುತ್ತಾಳೆ. ಜ್ಯೂಸ್ ಮೇಟಿಸ್‌ಳನ್ನೇ ನುಂಗಿದ. ಮಗಳು ಅಥೀನಾ ಅವನ ತಲೆಯಿಂದ ಹುಟ್ಟಿದಳು. ಆ ಮಗ ಹುಟ್ಟಲೇ ಇಲ್ಲ. ಹಿಂದಿನ ಎರಡೂ ಸಲ ಸಂಚು ಹೂಡಿದವಳು ಹೊರಗುಳಿದ ತಾಯಿ. ಮೂರನೆಯ ಸಲ ಹೊರಗೆ ತಾಯಿಯೇ ಇಲ್ಲ. ಇದರ ಜೊತೆಗೆ ಜ್ಯೂಸ್ ಇನ್ನೊಂದು ಕೆಲಸ ಮಾಡಿದ. ಯುದ್ಧ ಮುಗಿದ ಮೇಲೆ ಉಳಿದ ದೇವತೆಗಳು ಅವನನ್ನು ಆಳೆಂದು ಕೇಳಿಕೊಂಡರು, ಅವನು ಅವರಿಗೆ ಗೌರವ, ಅಧಿಕಾರಗಳನ್ನು ಹಂಚಿಕೊಟ್ಟ. ಬಲದಿಂದ ಬಂದ ಅರಸುತನ ಹಂಚಿಕೆಯಿಂದ ಉಳಿಯಿತು.

ಈ ಆತಂಕ ಬರೀ ಕವಿಕಲ್ಪನೆಯದಲ್ಲ. ಹತ್ತುಸಾದಲ್ಲೇ ದೊರೆತ ಇನ್ನೊಂದು ಬರಹ, ಕ್ರಿ.ಪೂ. 1500ರ ಸುಮಾರಿನ ಅರಸ ತೆಲಿಪಿನುವಿನ ಶಾಸನ, ತನ್ನ ಹಿಂದಿನವರ ಕೊಲೆಗಳ ಪಟ್ಟಿಯನ್ನೇ ಕೊಡುತ್ತದೆ. ಬ್ಯಾಬಿಲೋನನ್ನು ಗೆದ್ದು ಬಂದ ಮುರ್ಸಿಲಿಯನ್ನು ಕೊಂದ ಹಂತಿಲಿ ಆ ಅರಸನಿಗೆ ಪಾನದ ಬಟ್ಟಲು ಹಿಡಿಯುವವನು. ಹಂತಿಲಿಯ ಮಗನನ್ನು ಜಿದಂತ ಕೊಂದ. ಜಿದಂತನನ್ನು ಅವನ ಸ್ವಂತ ಮಗ ಅಮ್ಮುನ ಕೊಂದ. ತೆಲಿಪಿನು ಕೂಡ ಹುಜ್ಜಿಯ ಎಂಬವನನ್ನು ಓಡಿಸಿ ಪಟ್ಟಕ್ಕೆ ಬಂದವನೇ. ಬಂದವನು ಹೇಳಿದ್ದು: ಇನ್ನು ಸಾಕು. ಪಟ್ಟದ ರಾಣಿಯ ಮಗ ಅರಸನಾಗಲಿ. ಅವನಿಲ್ಲದಿದ್ದರೆ ಎರಡನೆಯ ದರ್ಜೆಯ ಹೆಂಡತಿಯ ಮಗ. ಅವನೂ ಇಲ್ಲದಿದ್ದರೆ ಪಟ್ಟದ ರಾಣಿಯ ಅಳಿಯ. ಹುಜ್ಜಿಯನನ್ನು ತಾನು ಕೊಲ್ಲದೆ ಬಿಟ್ಟೆನೆಂದೂ, ಆಮೇಲೆ ಅವನ ಕೊಲೆಯಾದದ್ದು ತನಗೆ ತಿಳಿಯದೆ ಎಂದೂ ಆ ಶಾಸನ ಹೇಳಿಕೊಳ್ಳುತ್ತದೆ. ಕುಮಾರ್ಬಿಯ ಹಾಡು ಈ ಅರಮನೆಯ ಚಿತ್ರವೆಂದು ಹೇಳುವಂತಿಲ್ಲ. ಅದರ ಮೂಲ ಹುರ್ರಿಯನ್ ನಾಡು. ಆದರೆ ಬಟ್ಟಲು ಹಿಡಿದವನು ಅರಸನಾಗುವುದನ್ನು ಆ ಹಾಡಿನಲ್ಲಿ ಕೇಳಿದ ಹಿಟ್ಟೈಟರಿಗೆ ವಿವರಣೆ ಬೇಕಿರಲಿಲ್ಲ.

ಗೆದ್ದವನ ಕಥೆಯಲ್ಲಿ ಸೋತವರು ಏನಾಗುತ್ತಾರೆ ಎಂಬುದನ್ನೂ ನೋಡಬೇಕು. ಅವರು ಇಲ್ಲವಾಗುವುದಿಲ್ಲ. ಕುಮಾರ್ಬಿಯ ಹಾಡು ಶುರುವಾಗುವುದೇ ಪ್ರಾಚೀನ ದೇವತೆಗಳೇ ಕೇಳಿರಿ ಎಂಬ ಕರೆಯಿಂದ. ಹಿಟ್ಟೈಟ್ ಅರಸರು ನೆರೆನಾಡುಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಸಾಕ್ಷಿಗಳಾಗಿ ಅಲಲು, ಅನು ಮುಂತಾದ ಹಳೆಯ ದೇವತೆಗಳ ಹೆಸರಿದೆ. ಪಟ್ಟ ಕಳೆದುಕೊಂಡವರೇ ಆಣೆಗೆ ಕಾವಲು. ಬ್ಯಾಬಿಲೋನಿನ ‘ಎನುಮಾ ಎಲಿಶ್’ ಕಾವ್ಯದಲ್ಲಿ ಇಯಾ ದೇವತೆ ಮೂಲಪುರುಷ ಅಪ್ಸುವನ್ನು ಕೊಂದು, ಅವನ ಮೇಲೆಯೇ ಮನೆ ಕಟ್ಟುತ್ತಾನೆ. ಮಗ ಮರ್ದುಕ್ ಹುಟ್ಟುವುದು ಆ ಮನೆಯಲ್ಲಿ. ಮೇಟಿಸ್ ಬಗ್ಗೆ ಜ್ಯೂಸ್‌ಗೆ ಎಚ್ಚರಿಕೆ ಕೊಟ್ಟವರಲ್ಲಿ ಪದಚ್ಯುತ ಅಜ್ಜ ಯುರೇನಸ್ ಕೂಡ ಇದ್ದಾನೆ. ಹೊಸ ಆಳ್ವಿಕೆಗೆ ಹಳಬರ ಅರಿವು ಬೇಕು, ಅವರ ನೆಲ ಬೇಕು, ಅವರ ಸಾಕ್ಷ್ಯ ಬೇಕು.

ನಮ್ಮ ಪರಂಪರೆ ಈ ಪ್ರಶ್ನೆಗೆ ದೂರದ್ದೇನಲ್ಲ. ಹುರ್ರಿಯನ್ನರ ಮಿತನ್ನಿ ರಾಜ್ಯದೊಡನೆ ಹಿಟ್ಟೈಟರು ಕ್ರಿ.ಪೂ. 14ನೇ ಶತಮಾನದಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ತೆಶುಬ್‌ನ ಹೆಸರಿರುವ ಪಟ್ಟಿಯಲ್ಲೇ ಮಿತ್ರ, ವರುಣ, ಇಂದ್ರ, ನಾಸತ್ಯರೂ ಇದ್ದಾರೆ. ಋಗ್ವೇದದ ನಾಲ್ಕನೆಯ ಮಂಡಲದ 18ನೇ ಸೂಕ್ತ ಇಂದ್ರನು ತಂದೆಯನ್ನು ಕಾಲು ಹಿಡಿದು ಕೊಂದನೆಂದು ಸೂಚಿಸುತ್ತದೆ. ಆದರೆ ಆ ಎಳೆ ಇಲ್ಲಿ ದೊಡ್ಡ ಕಥೆಯಾಗಿ ಬೆಳೆಯಲಿಲ್ಲ. ಭಾರತದ ಕಥೆಗಳಲ್ಲಿ ಗೆಲ್ಲುವವನು ಸಾಮಾನ್ಯವಾಗಿ ಅಪ್ಪ, ತೆರುವವನು ಮಗ ಎಂದು ಮೈಸೂರಿನ ಎ.ಕೆ. ರಾಮಾನುಜನ್ ತಮ್ಮ ‘ದಿ ಇಂಡಿಯನ್ ಈಡಿಪಸ್’ ಪ್ರಬಂಧದಲ್ಲಿ ತೋರಿಸಿದರು. ಪುರು ಯಯಾತಿಗೆ ಯೌವನ ಕೊಡುತ್ತಾನೆ, ಭೀಷ್ಮ ಶಂತನುವಿಗಾಗಿ ಪಟ್ಟವನ್ನೇ ಬಿಡುತ್ತಾನೆ.

ದೇವಲೋಕದ ಸಿಂಹಾಸನಕ್ಕೆ ಪುರಾಣಗಳು ಕಂಡುಕೊಂಡ ಉತ್ತರ ಇನ್ನೂ ಬೇರೆ. ಒಂದು ಕಲ್ಪದಲ್ಲಿ 14 ಮನ್ವಂತರಗಳು, ಪ್ರತಿಯೊಂದಕ್ಕೂ ಬೇರೆ ಇಂದ್ರ. ಇಂದ್ರನೆಂಬುದು ಅವಧಿಯುಳ್ಳ ಪದವಿ. ಈಗ ನಡೆಯುತ್ತಿರುವುದು ಏಳನೆಯ, ವೈವಸ್ವತ ಮನ್ವಂತರ. ಎಂಟನೆಯ ಸಾವರ್ಣಿ ಮನ್ವಂತರದ ಇಂದ್ರ ಯಾರೆಂದು ಈಗಾಗಲೇ ಗೊತ್ತಾಗಿದೆ: ಬಲಿಪಾಡ್ಯಮಿಯಂದು ನಾವು ಪೂಜಿಸುವ, ವಾಮನ ಕೆಳಲೋಕಕ್ಕೆ ತಳ್ಳಿದ ಬಲಿ ಚಕ್ರವರ್ತಿ. ಜ್ಯೂಸ್ ಮುಂದಿನ ಅರಸ ಹುಟ್ಟದಂತೆ ನೋಡಿಕೊಂಡ. ಪುರಾಣ ಮುಂದಿನ ಅರಸನನ್ನು ಹೆಸರಿಸಿ ಕಾಯಲು ಹೇಳಿತು, ಅದೂ ಸೋತವನನ್ನೇ.

ಎರಡೂ ಉತ್ತರಗಳಿಗೆ ಬೆಲೆ ತೆರಬೇಕಾಗುತ್ತದೆ. ಬಾಗಿಲು ಮುಚ್ಚಿದ ಜ್ಯೂಸ್‌ನ ಆಳ್ವಿಕೆಗೆ ಭವಿಷ್ಯವಿಲ್ಲ; ಅವಧಿ ಗೊತ್ತಾದ ಇಂದ್ರನಿಗೆ ಭಯ ಬಿಟ್ಟದ್ದಿಲ್ಲ, ಯಾರು ತಪಸ್ಸಿಗೆ ಕೂತರೂ ಅವನ ಆಸನ ಅಲುಗುತ್ತದೆ. ಸಾವಿಲ್ಲದವರಿಗೂ ಅಧಿಕಾರವನ್ನು ಶಾಶ್ವತಗೊಳಿಸಲು ಆಗಲಿಲ್ಲ ಎಂಬುದನ್ನು ಗೆದ್ದವರ ಕಡೆಯವರೇ ಹಾಡಿ ಬರೆದಿಟ್ಟಿದ್ದಾರೆ. ತಮ್ಮ ದೇವರ ಸಿಂಹಾಸನ ಕಸಿದು ತಂದದ್ದೆಂದು ಅವರು ಮುಚ್ಚಿಡಲಿಲ್ಲ. ಇವತ್ತು ಯಾವ ಆಳ್ವಿಕೆಯಾದರೂ ತಾನು ಹೇಗೆ ಬಂದೆ, ಹೇಗೆ ಹೋಗುತ್ತೇನೆ ಎಂಬ ಎರಡಕ್ಕೂ ಇಷ್ಟೇ ನೇರವಾಗಿ ಉತ್ತರಿಸಬೇಕೆಂದು ಕೇಳುವ ಹಕ್ಕನ್ನು ಈ ಕಥೆಗಳು ನಮಗೆ ಕೊಡುತ್ತವೆ.