ಕಲೆ ಒಳ್ಳೆಯದೋ, ಒಳ್ಳೇದಾಯ್ತೋ?

ಗಡಿನಾಡಿನ ಕನ್ನಡಿಗನಿಗೆ ಒಂದು ಅನುಕೂಲವಿದೆ. ಒಂದೇ ಜಾಹೀರಾತನ್ನು ಅವನು ಎರಡು ಭಾಷೆಯಲ್ಲಿ ಓದುತ್ತಾನೆ. ಅಕ್ಕಲಕೋಟೆಯವನಿಗೆ ಮರಾಠಿ ಪಕ್ಕದಲ್ಲೇ ಇದೆ, ಹೊಸೂರಿನವನಿಗೆ ತಮಿಳು, ಆದೋನಿಯವನಿಗೆ ತೆಲುಗು. ಹೀಗಾಗಿ ಒಂದು ಘೋಷವಾಕ್ಯ ಪಕ್ಕದ ಭಾಷೆಯಲ್ಲಿ ಸೊಗಸಾಗಿ ಕೇಳಿ ಕನ್ನಡದಲ್ಲಿ ಮುಗ್ಗರಿಸಿದರೆ ಅದು ಮೊದಲು ತಿಳಿಯುವುದು ಅವನಿಗೇ. ಆದರೆ ಯಾಕೆ ಮುಗ್ಗರಿಸಿತು ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ "ಏನೋ ಸರಿ ಕೇಳ್ಸಲ್ಲ ಬಿಡಿ" ಎಂಬಲ್ಲಿಗೆ ನಿಂತುಬಿಡುತ್ತದೆ. ಆ "ಏನೋ" ಏನು ಎಂಬುದನ್ನು ಎಲ್ಲರಿಗೂ ಗೊತ್ತಿರುವ ಒಂದು ಮಾತಿನಿಂದಲೇ ಬಿಡಿಸಿ ನೋಡೋಣ.

ಸರ್ಫ್ ಎಕ್ಸೆಲ್ ಪುಡಿಯ "ದಾಗ್ ಅಚ್ಛೇ ಹೈಂ" ಎಂಬ ಹಿಂದಿ ಮಾತು 2005ರಲ್ಲಿ ಬಂತು. ಕೆಸರಿಗೆ ಬಿದ್ದು ಅಳುವ ತಂಗಿಗಾಗಿ ಅಣ್ಣ ಆ ಕೆಸರನ್ನೇ ಗುದ್ದುತ್ತಾನೆ, ಅವನ ಶಾಲೆಯ ಅಂಗಿ ರಾಡಿಯಾಗುತ್ತದೆ. ಕಲೆ ಆಗಿ ಏನಾದರೂ ಒಳ್ಳೆಯದಾಗುವುದಾದರೆ ಕಲೆಯೂ ಒಳ್ಳೆಯದೇ ಎಂಬುದು ಅದರ ತಿರುಳು. ಅದರ ಮೂಲ ಇಂಗ್ಲಿಷಿನದು, ಅಲ್ಲಿದ್ದದ್ದು ಕೊಳೆಯ ಮಾತು. ಹಿಂದಿಯವರು ಕೊಳೆಯನ್ನು ಬಿಟ್ಟು ಕಲೆಯನ್ನು ಹಿಡಿದರು. ಅಂದರೆ ಅವರು ಪದಕ್ಕೆ ಪದ ಇಡಲಿಲ್ಲ, ತಮ್ಮ ತಾಯಂದಿರು ಅಂಗಿ ನೋಡಿ ಮೊದಲು ಆಡುವ ಶಬ್ದವನ್ನೇ ಆರಿಸಿದರು.

ಕನ್ನಡದಲ್ಲಿ ಅದು "ಕಲೆ ಒಳ್ಳೆಯದು" ಎಂದಾಯಿತು. ವ್ಯಾಕರಣದಲ್ಲಿ ತಪ್ಪಿಲ್ಲ, ಅರ್ಥವೂ ಸರಿ. ಆದರೂ ಕಿವಿಗೆ ಎರಡು ಕಡೆ ಮುಳ್ಳು ತಾಗುತ್ತದೆ.

ಮೊದಲನೆಯದು "ಕಲೆ" ಎಂಬ ಶಬ್ದ. ಬಟ್ಟೆಯ ಮೇಲಿನದೂ ಕಲೆ, ಯಕ್ಷಗಾನವೂ ಕಲೆ. ತಮಿಳಿನಲ್ಲಿ ಬಟ್ಟೆಯದು "ಕರೈ", ನಾಟ್ಯ ಸಂಗೀತದ್ದು "ಕಲೈ". ತೆಲುಗಿನಲ್ಲಿ ಒಂದು "ಮರಕ", ಇನ್ನೊಂದು "ಕಳ". ಮರಾಠಿಯಲ್ಲಿ ಒಂದು "ಡಾಗ", ಇನ್ನೊಂದು "ಕಲಾ". ನೆರೆಯ ಈ ಭಾಷೆಗಳಿಗೆ ಇಲ್ಲದ ಗೊಂದಲ ನಮಗೊಬ್ಬರಿಗೇ ಬಂದಿದೆ. ಚಿತ್ರ ತೋರಿಸುವ ಟಿವಿಯಲ್ಲಿ ಇದು ಅಷ್ಟಾಗಿ ಕಾಣದು. ಚಿತ್ರವಿಲ್ಲದ ಗೋಡೆಯ ಮೇಲೆ ಬರೆದರೆ ಲಲಿತಕಲಾ ಸಂಘದ ಫಲಕದಂತೆ ಕಾಣುತ್ತದೆ. ನಮ್ಮಲ್ಲೂ ಬಾಳೆಕಾಯಿಯ ಸೊನೆ ತಾಗಿದ್ದಕ್ಕೆ "ಕರೆ" ಎನ್ನುವವರಿದ್ದಾರೆ. ಆದರೆ "ಕರೆ" ಅಂದರೆ ಕೂಗು ಎಂದೂ ಆಗುವುದರಿಂದ ಅದೂ ಉಪಯೋಗಕ್ಕೆ ಬರದು.

ಎರಡನೆಯದು "ಒಳ್ಳೆಯದು". ಬೇವು ಒಳ್ಳೆಯದು, ಎಳನೀರು ಒಳ್ಳೆಯದು, ಹೊತ್ತಿಗೆ ಸರಿಯಾಗಿ ಉಣ್ಣುವುದು ಒಳ್ಳೆಯದು. ಒಂದು ವಸ್ತುವಿನ ಹೆಸರು ಹೇಳಿ ಬರೀ "ಒಳ್ಳೆಯದು" ಎಂದು ನಿಲ್ಲಿಸಿದರೆ ಕನ್ನಡದಲ್ಲಿ ಅದು ಮೈಗೆ ಹಿತ ಎಂಬ ಹಿರಿಯರ ಬುದ್ಧಿಮಾತಾಗುತ್ತದೆ. ಹಿಂದಿಯ "ಅಚ್ಛೇ ಹೈಂ" ಹಾಗಲ್ಲ. ಅದು ಬಹುವಚನ. ನೆರೆಮನೆಯ ಹುಡುಗರು ಒಳ್ಳೆಯವರು ಎನ್ನುವಾಗಲೂ ಅಲ್ಲಿ ಅದೇ ಮಾತು ಬರುತ್ತದೆ. ಹಾಗಾಗಿ ಕಲೆಗಳು ತುಂಟ ಮಕ್ಕಳಂತೆ ಕಾಣುತ್ತವೆ. ಕನ್ನಡಕ್ಕೆ ಬಂದಾಗ ತುಂಟತನ ಹೋಯಿತು, ಬುದ್ಧಿಮಾತು ಉಳಿಯಿತು.

ಹಾಗಾದರೆ ಏನು ಮಾಡಬಹುದಿತ್ತು? ಮೊದಲು ಮೂಲವನ್ನು ಮಡಚಿಟ್ಟು, ಈ ಮಾತನ್ನು ಯಾರು ಯಾರಿಗೆ ಆಡುತ್ತಾರೆ ಎಂದು ಕೇಳಿಕೊಳ್ಳಬೇಕು. ಇಲ್ಲಿ ಆಡುವವಳು ತಾಯಿ, ಬೈಯಲು ಹೊರಟು ಬೈಯದೆ ನಿಂತವಳು. ನಮ್ಮ ತಾಯಿ ಆ ಗಳಿಗೆಯಲ್ಲಿ ಏನೆಂದಾಳು? "ಕಲೆ ಆದ್ರೆ ಆಗ್ಲಿ ಬಿಡು" ಎಂದಾಳು. ಮಾತು ಅಪ್ಪಟ ಕನ್ನಡದ್ದೇ. ಆದರೆ ಅದರಲ್ಲಿರುವುದು ಸಹನೆ, ಮೆಚ್ಚುಗೆಯಲ್ಲ. ಪುಡಿ ಮಾರುವವನಿಗೆ ಬೇಕಾದದ್ದು ಕಲೆ ಒಳ್ಳೆಯದು ಎಂಬ ತಿರುವು. ಅದು ಬಿಟ್ಟುಹೋದರೆ ಅವನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಕೆಟ್ಟದ್ದು ಒಳ್ಳೆಯದಕ್ಕೆ ತಿರುಗಿದಾಗ ಆಡಲು ಕನ್ನಡಕ್ಕೆ ತನ್ನದೇ ಮಾತಿದೆ. ಬಸ್ಸು ತಪ್ಪಿತು, ದಾರಿಯಲ್ಲಿ ನೆಂಟರು ಸಿಕ್ಕರು, ಆಗ "ತಪ್ಪಿದ್ದೇ ಒಳ್ಳೇದಾಯ್ತು" ಎನ್ನುತ್ತೇವೆ. ಅದೇ ಅಚ್ಚಿನಲ್ಲಿ "ಕಲೆ ಆದದ್ದೇ ಒಳ್ಳೇದಾಯ್ತು" ಎಂದು ಹೇಳಿ ನೋಡಿ. ಎರಡೂ ಮುಳ್ಳು ಒಟ್ಟಿಗೇ ಕಿತ್ತವು. ಅಂಗಿಗೆ ಕಲೆ "ಆಗುತ್ತದೆ", ಯಕ್ಷಗಾನದ ಕಲೆ ಹಾಗೆ "ಆಗುವುದಿಲ್ಲ", ಆದ್ದರಿಂದ ಗೊಂದಲವಿಲ್ಲ. "ಒಳ್ಳೇದಾಯ್ತು" ಎಂದಾಗ ಬುದ್ಧಿಮಾತಿನ ವಾಸನೆಯೂ ಇಲ್ಲ. ಆದರೆ ಇದಕ್ಕೂ ಒಂದು ಮಿತಿಯಿದೆ. ಇದು ನಡೆದುಹೋದ ಮಾತು, ಹಿಂದೆ ಕಥೆಯೊಂದು ಬೇಕು. ಬರೀ ಪಾಕೀಟಿನ ಮೇಲೆ ಬರೆದರೆ "ಏನಾಯ್ತು?" ಎಂದು ಗಿರಾಕಿ ಕೇಳುತ್ತಾನೆ. ಅಲ್ಲಿಗೆ "ಕಲೆ ಆದ್ರೆ ಒಳ್ಳೇದೇ" ಸಾಕು. ತೆಲುಗಿನವರು "ಮರಕ ಮಂಚಿದೇ" ಎಂದು ಕೊನೆಯಲ್ಲಿ ಎಳೆದ ಆ "ಏ"ಕಾರದ ಕೆಲಸವನ್ನೇ ಇಲ್ಲಿ ನಮ್ಮ "ಏ"ಕಾರವೂ ಮಾಡುತ್ತದೆ. ಮೂಲ ಕನ್ನಡದಲ್ಲಿ ಆರು ಅಕ್ಷರ, ಇದರಲ್ಲಿ ಏಳು. ಒಂದಕ್ಷರಕ್ಕೆ ಯಾವ ಪಾಕೀಟೂ ಹರಿಯದು.

ಇದು ದೊಡ್ಡ ಕಂಪನಿಯ ಮಾತಾಯಿತು, ನಮಗೇನು ಎನ್ನಬೇಡಿ. ಬೀಜ, ಗೊಬ್ಬರ, ಪೈಪು ಮಾರುವ ಅಂಗಡಿಗೆ ಘೋಷವಾಕ್ಯ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಕನ್ನಡ ಬೋರ್ಡು ಬರೆಸುವ ಕೆಲಸ ಅಂಗಡಿಯವರ ಪಾಲಿಗೆ ಬೀಳುತ್ತದೆ. "ನಾಮ್ ಹೀ ಕಾಫೀ ಹೈ" ಎಂಬುದನ್ನು "ಹೆಸರೇ ಸಾಕು" ಎಂದರೆ ಬಟ್ಟೆ ಅಂಗಡಿಗೆ ಲಾಯಕ್ಕಾಗಿದೆ, ಬದಲಿಸುವ ಅಗತ್ಯವೇ ಇಲ್ಲ. ಅದನ್ನೇ ಬೇಳೆಕಾಳಿನ ಅಡತಿ ಅಂಗಡಿಯ ಚೀಲದ ಮೇಲೆ ಬರೆಸಿದರೆ? ತೊಗರಿ ತಂದ ರೈತ "ಇಲ್ಲಿ ಹೆಸರುಕಾಳು ಮಾತ್ರ ತಗೋತಾರೇನೋ" ಎಂದು ಮುಂದೆ ಹೋದಾನು. ಒಂದೇ ಮಾತು ಒಂದು ಜಾಗದಲ್ಲಿ ಸರಿ, ಇನ್ನೊಂದರಲ್ಲಿ ನಗೆಪಾಟಲು. ಬಣ್ಣದ ಡಬ್ಬಿ ತೆರೆಯುವ ಮುಂಚೆ ಮೂಲ ನೋಡಿರದ ನಾಲ್ಕು ಜನರಿಗೆ ಅದನ್ನು ಓದಿ ಹೇಳಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಮರ್ಯಾದೆಗೆ ಹೌದೆನ್ನುತ್ತಾರೆ. "ಇದು ಏನು ಮಾರೋ ಅಂಗಡಿ?" ಎಂದು ಕೇಳಿ. ಸರಿ ಉತ್ತರ ಬಾರದಿದ್ದರೆ ಮಾತು ಬದಲಿಸಿ. ಆ ನಾಲ್ವರಲ್ಲಿ ಪರ ಊರಿನವರೊಬ್ಬರಿರಲಿ. ಜತ್ತದಲ್ಲಿ "ಚಲೋ ಆತು" ಎಂದರೆ ಮನಸ್ಸಿಗೆ ಹತ್ತುತ್ತದೆ, ತಾಳವಾಡಿಯಲ್ಲಿ ಅದು ಹೊರಗಿನ ಮಾತು.

ಈ ಸ್ವಾತಂತ್ರ್ಯಕ್ಕೆ ಒಂದು ಬೇಲಿಯೂ ಇದೆ. ಮಾತಿನ ಬಣ್ಣ ಬದಲಿಸಬಹುದು, ಭರವಸೆಯನ್ನು ಬೆಳೆಸುವಂತಿಲ್ಲ. ಮೂಲದಲ್ಲಿ "ಉತ್ತಮ ಇಳುವರಿ" ಎಂದಿದ್ದುದನ್ನು ಪ್ರಾಸಕ್ಕೆಂದು "ದುಪ್ಪಟ್ಟು ಇಳುವರಿ" ಮಾಡಿದರೆ ಅದು ಅನುವಾದವಲ್ಲ, ಸುಳ್ಳು. ಜನರನ್ನು ದಾರಿತಪ್ಪಿಸುವ ಜಾಹೀರಾತನ್ನು 2019ರ ಗ್ರಾಹಕ ರಕ್ಷಣಾ ಕಾಯಿದೆ ತಡೆಯುತ್ತದೆ, ವ್ಯಾಪಾರಿಯೂ ಅದರ ವ್ಯಾಪ್ತಿಯಲ್ಲಿದ್ದಾನೆ. ಇನ್ನು ಔಷಧಿ ಡಬ್ಬಿಯ ಮೇಲಿನ ಪ್ರಮಾಣ, ಎಚ್ಚರಿಕೆ, ತೂಕ, ಬೆಲೆ ಇವು ಘೋಷವಾಕ್ಯವಲ್ಲ. ಅಲ್ಲಿ ಅಂಕಿಗೆ ಅಂಕಿ, ಪದಕ್ಕೆ ಪದ ಇರಲೇಬೇಕು. ಒಂದು ಲೀಟರಿಗೆ ಎಷ್ಟು ಎಂಬಲ್ಲಿ ಸೊಗಸು ಬೇಡ.

ಕಂಪನಿಯ ಪ್ರತಿನಿಧಿ ಸಿದ್ಧ ಸಾಲು ತಂದು "ಇದನ್ನೇ ಬರೆಸಿ" ಎಂದರೆ ಅಂಗಡಿಯವರು ಸುಮ್ಮನೆ ತಲೆಯಾಡಿಸಬೇಕಿಲ್ಲ. ನಮ್ಮೂರಿನಲ್ಲಿ ಇದು ಹೀಗೆ ಕೇಳಿಸುತ್ತದೆ, ಹೀಗೆ ಬರೆದರೆ ಹೀಗೆ ತಿಳಿಯುತ್ತದೆ ಎಂದು ಕಾರಣ ಸಮೇತ ಎರಡು ಸಾಲು ಬರೆದುಕೊಡಿ. ಗೋಡೆ ನಿಮ್ಮದು, ಓದುವ ಗಿರಾಕಿಯೂ ನಿಮ್ಮವನೇ.