ಒಪ್ಪಿಗೆಗೆ ಮೊದಲು ಬಾಂಡಿನ ಮಾತು

ಮೊದಲ ಕೆಲಸದ ಆಫರ್ ಲೆಟರ್‌ನಲ್ಲಿ ಎಲ್ಲರ ಕಣ್ಣೂ ಸಂಬಳದ ಅಂಕಿಯ ಮೇಲೆ ನಿಲ್ಲುತ್ತದೆ. ಅದರ ಕೆಳಗೆಲ್ಲೋ 'ಅಭ್ಯರ್ಥಿಯು ಕಂಪನಿಯ ಸೇವಾ ಒಪ್ಪಂದಕ್ಕೆ ಸಹಿ ಹಾಕತಕ್ಕದ್ದು' ಎಂಬ ಒಂದು ಸಾಲು ಇರುತ್ತದೆ. ಒಪ್ಪಂದದ ಪ್ರತಿ ಮಾತ್ರ ಜೊತೆಗಿರುವುದಿಲ್ಲ. ಅದು ಕಣ್ಣಿಗೆ ಬೀಳುವುದು ಸೇರುವ ದಿನ ಬೆಳಗ್ಗೆ, ಛಾಪಾ ಕಾಗದದ ಮೇಲೆ. ಅಷ್ಟು ಹೊತ್ತಿಗೆ ಬೇರೆ ಆಫರ್‌ಗಳನ್ನು ಬಿಟ್ಟುಕೊಟ್ಟು, ಊರು ಬಿಟ್ಟು ಬಂದು, ಪಿ.ಜಿ.ಗೆ ಮುಂಗಡ ಕಟ್ಟಿ ಆಗಿರುತ್ತದೆ. ಆಗ ಸಹಿ ಹಾಕದೆ ವಾಪಸು ಹೋಗುವವರು ಯಾರು?

ಆದ್ದರಿಂದ ಆಫರ್ ಒಪ್ಪಿಕೊಳ್ಳುವ ಮೊದಲೇ, ಅದೂ ಇಮೇಲ್‌ನಲ್ಲೇ, ಬಾಂಡಿನ ವಿವರ ಕೇಳಬೇಕು ಎಂಬುದು ನನ್ನ ವಾದ. 'ಮೊದಲು ಕೆಲಸ ಕೈಗೆ ಬರಲಿ, ಆಮೇಲೆ ನೋಡಿಕೊಂಡರಾಯಿತು' ಎನ್ನುವುದು ಮನೆಯ ಹಿರಿಯರ ಸಹಜ ಬುದ್ಧಿವಾದ. ಅದಕ್ಕೆ ಜೊತೆಯಾಗಿ 'ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡು' ಎಂಬ ಗೆಳೆಯರ ಧೈರ್ಯವೂ ಸೇರಿಕೊಳ್ಳುತ್ತದೆ. ಈ ಎರಡನೆಯ ಮಾತು ಅರ್ಧ ಮಾತ್ರ ನಿಜ.

ನಿಜವಾದ ಅರ್ಧ ಇದು: ಇಷ್ಟವಿಲ್ಲದವರನ್ನು ಕೆಲಸದಲ್ಲೇ ಇರಬೇಕೆಂದು ಯಾವ ನ್ಯಾಯಾಲಯವೂ ಕಟ್ಟಿಹಾಕುವುದಿಲ್ಲ. ಬಾಂಡ್ ಮುರಿದರೆ ಉಳಿಯುವುದು ಹಣದ ಪ್ರಶ್ನೆ. 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಸಮಂಜಸವಾದಷ್ಟು ಪರಿಹಾರ ಕೊಡಿಸಬಹುದು. 2011ರಲ್ಲಿ ದೆಹಲಿ ಹೈಕೋರ್ಟ್ ತೀರ್ಮಾನಿಸಿದ ಸಿಕ್ಪಾ ಇಂಡಿಯಾ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಮೂರು ವರ್ಷದ ಬಾಂಡ್, ಮೊತ್ತ 2 ಲಕ್ಷ ರೂಪಾಯಿ. ನೌಕರರೊಬ್ಬರು ಎರಡು ವರ್ಷ ದುಡಿದು ಕೆಲಸ ಬಿಟ್ಟರು. ಕಂಪನಿ ಅವರಿಗಾಗಿ ಖರ್ಚು ಮಾಡಿದ್ದು 67,595 ರೂಪಾಯಿ. ಉಳಿದಿದ್ದ ಒಂದು ವರ್ಷದ ಲೆಕ್ಕಕ್ಕೆ ಅದರ ಮೂರರಲ್ಲಿ ಒಂದು ಭಾಗ, ಅಂದರೆ 22,532 ರೂಪಾಯಿಯನ್ನು ಮಾತ್ರ ಕೆಳ ನ್ಯಾಯಾಲಯ ಕೊಡಿಸಿತ್ತು. ಪೂರ್ತಿ 2 ಲಕ್ಷ ಬೇಕೆಂಬ ಕಂಪನಿಯ ಮೇಲ್ಮನವಿಯನ್ನು ಹೈಕೋರ್ಟ್ ಒಪ್ಪಲಿಲ್ಲ.

ಇನ್ನರ್ಧ ನಮ್ಮ ರಾಜ್ಯದಿಂದಲೇ ಹೊರಟ ಪ್ರಕರಣದಲ್ಲಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ವಿಜಯಾ ಬ್ಯಾಂಕಿನಲ್ಲಿ 2007ರಲ್ಲಿ ಹಿರಿಯ ಮ್ಯಾನೇಜರ್ ಹುದ್ದೆಗೆ ಸೇರಿದ ಒಬ್ಬರು, ಮೂರು ವರ್ಷದ ಕಡ್ಡಾಯ ಸೇವೆ ಮುಗಿಯುವ ಮೊದಲೇ, 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಬಾಂಡಿನ 2 ಲಕ್ಷವನ್ನು ಆಕ್ಷೇಪಣೆಯೊಂದಿಗೆ ಕಟ್ಟಿ ಮೊಕದ್ದಮೆ ಹೂಡಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಮುಂದೆ ಬೇರೆಡೆ ದುಡಿಯುವುದನ್ನು ಅದು ತಡೆಯುವುದಿಲ್ಲ, ಸಾರ್ವಜನಿಕ ಬ್ಯಾಂಕಿಗೆ ನೇಮಕಾತಿ ಪ್ರಕ್ರಿಯೆ ಖರ್ಚಿನದು, ಆ ಹುದ್ದೆಯ ಸಂಬಳಕ್ಕೆ 2 ಲಕ್ಷ ವಿಪರೀತವಲ್ಲ ಎಂಬುದು ಅಲ್ಲಿನ ತರ್ಕ. ತಿಂಗಳಿಗೆ 30,000 ಗಳಿಸುವ ಹೊಸಬರ ವಿಷಯದಲ್ಲಿ ಇದೇ ತರ್ಕ ಹಾಗೇ ಅನ್ವಯಿಸಬೇಕೆಂದೇನೂ ಇಲ್ಲ. ಆದರೆ ಬಾಂಡ್ ಎಂದರೆ ಬರಿಯ ಬೆದರಿಕೆ ಎಂದು ನಕ್ಕು ಸಹಿ ಹಾಕುವ ಕಾಲ ಮುಗಿದಿದೆ. ಗೆಲ್ಲುವವರಿಗೂ ವರ್ಷಗಟ್ಟಲೆ ಅಲೆದಾಟ ತಪ್ಪಿದ್ದಲ್ಲ.

ಹೀಗಾಗಿ ಎಲ್ಲವೂ ಷರತ್ತಿನ ವಿವರದಲ್ಲಿದೆ. ಒಂದು ಲೆಕ್ಕ ಮಾಡಿ ನೋಡೋಣ. ಬಾಂಡ್ ಎರಡು ವರ್ಷ, ಮೊತ್ತ 2 ಲಕ್ಷ, ತರಬೇತಿ ಮೂರು ತಿಂಗಳು ಎಂದಿಟ್ಟುಕೊಳ್ಳಿ. ಹುಡುಗಿಯೊಬ್ಬಳು ಸೇರಿದ ಹದಿನೆಂಟು ತಿಂಗಳಿಗೆ ಬಿಡುತ್ತಾಳೆ. ಅವಧಿ ಸೇರಿದ ದಿನದಿಂದ ಶುರುವಾಗಿ, ಮೊತ್ತ ತಿಂಗಳು ತಿಂಗಳಿಗೆ ಇಳಿಯುವಂತಿದ್ದರೆ ಉಳಿದ ಆರು ತಿಂಗಳಿಗೆ ಅವಳು ಕೊಡಬೇಕಾದದ್ದು 50,000. ಅವಧಿ ತರಬೇತಿ ಮುಗಿದ ಮೇಲೆ ಶುರುವಾಗುವುದಾದರೆ ಒಂಬತ್ತು ತಿಂಗಳು ಬಾಕಿ, ಅಂದರೆ 75,000. ಮೊತ್ತ ಇಳಿಯುವುದೇ ಇಲ್ಲವೆಂದು ಬರೆದಿದ್ದರೆ ಕಂಪನಿ ಕೇಳುವುದು ಪೂರ್ತಿ 2 ಲಕ್ಷ. 'ಎರಡು ವರ್ಷದ ಬಾಂಡ್, ಎರಡು ಲಕ್ಷ' ಎಂದು ಫೋನಿನಲ್ಲಿ ಹೇಳುವ ಒಂದೇ ಮಾತಿನೊಳಗೆ ಈ ಮೂರೂ ಅಡಗಿರಬಹುದು.

ಇಮೇಲ್ ಚಿಕ್ಕದಾಗಿರಲಿ, ದೂರಿನ ಧಾಟಿ ಬೇಡ. ಆಫರ್‌ಗೆ ಧನ್ಯವಾದ ಹೇಳಿ, ಸೇರುವ ಆಸಕ್ತಿ ಇದೆಯೆಂದು ಬರೆದು, ನೇರವಾಗಿ ವಿಷಯಕ್ಕೆ ಬರಬಹುದು: 'ಸೇವಾ ಒಪ್ಪಂದದ ಕರಡನ್ನು ಒಪ್ಪಿಗೆ ತಿಳಿಸುವ ಕೊನೆಯ ದಿನಕ್ಕೆ ಮೊದಲು ಕಳುಹಿಸಿಕೊಡಬೇಕಾಗಿ ಕೋರುತ್ತೇನೆ. ಅವಧಿ ಯಾವ ದಿನದಿಂದ ಎಣಿಕೆಯಾಗುತ್ತದೆ, ಸೇವೆ ಸಲ್ಲಿಸಿದಷ್ಟಕ್ಕೆ ಮೊತ್ತ ಕಡಿಮೆಯಾಗುತ್ತದೆಯೇ, ಕಂಪನಿಯೇ ಕೆಲಸದಿಂದ ತೆಗೆದರೆ ಬಾಂಡ್ ಅನ್ವಯಿಸುತ್ತದೆಯೇ, ಮೂಲ ಅಂಕಪಟ್ಟಿ, ಖಾಲಿ ಚೆಕ್ ಅಥವಾ ಜಾಮೀನುದಾರರ ಸಹಿ ಬೇಕಾಗುತ್ತದೆಯೇ ಎಂಬುದನ್ನು ತಿಳಿಸಿದರೆ ಒಪ್ಪಿಗೆ ಕೊಡಲು ಅನುಕೂಲ.' ಇಷ್ಟು ಸಾಕು.

ಕಂಪನಿಯೇ ತೆಗೆದರೆ ಏನು ಎಂಬ ಪ್ರಶ್ನೆಯನ್ನು ಬಿಡಬೇಡಿ. ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಫೇಲಾದವರನ್ನು ಕಳುಹಿಸಿಬಿಡುವ ಕಂಪನಿಗಳಿವೆ. ಅಂಥವರೂ ದುಡ್ಡು ಕಟ್ಟಬೇಕೆಂದು ಷರತ್ತಿನಲ್ಲಿದ್ದರೆ ಅದನ್ನು ಮೊದಲೇ ಓದಿಕೊಳ್ಳಬೇಕು. ಖಾಲಿ ಚೆಕ್ ಕೂಡ ಹಗುರದ ವಿಷಯವಲ್ಲ. ಅಂಕಿ ತುಂಬಿ ಹಾಕಿದ ಚೆಕ್ ಬೌನ್ಸ್ ಆದರೆ ಬಾಂಡಿನ ತಕರಾರಿನ ಜೊತೆಗೆ ಕ್ರಿಮಿನಲ್ ಮೊಕದ್ದಮೆಯೂ ಕುತ್ತಿಗೆಗೆ ಬೀಳಬಹುದು. ಮೂಲ ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುತ್ತೇವೆ ಎಂದರೆ, ನನ್ನ ಮಟ್ಟಿಗೆ, ಆ ಕೆಲಸ ಬೇಡ.

ಫೋನ್ ಯಾಕೆ ಸಾಲದು? ರಿಕ್ರೂಟರ್ ಸಾಮಾನ್ಯವಾಗಿ 'ಅದೆಲ್ಲ ಫಾರ್ಮಾಲಿಟಿ, ಇದುವರೆಗೆ ಯಾರ ಹತ್ತಿರವೂ ವಸೂಲಿ ಮಾಡಿಲ್ಲ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರಬೇಕೆಂದೇನೂ ಇಲ್ಲ. ಹೊರಗಿನ ಕನ್ಸಲ್ಟೆನ್ಸಿಯವರಾದರೆ ಒಪ್ಪಂದವನ್ನು ನೋಡಿಯೇ ಇರದಿರಬಹುದು. ಆದರೆ ಲಿಖಿತ ಕರಾರಿಗೆ ವಿರುದ್ಧವಾದ ಬಾಯಿಮಾತನ್ನು ಕಾನೂನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಮೇಲಿಗೂ ಮಿತಿಯಿದೆ. 'ಹಿಂದಿನ ಎಲ್ಲ ಮಾತುಕತೆಗಳ ಬದಲಿಗೆ ಈ ಒಪ್ಪಂದವೇ ಅಂತಿಮ' ಎಂಬ ಸಾಲು ಇಂಥ ಕರಾರುಗಳ ಕೊನೆಯಲ್ಲಿ ಮಾಮೂಲು. ಹಾಗಾಗಿ ಮೊತ್ತ ಇಳಿಯುತ್ತದೆ ಎಂಬ ಉತ್ತರ ಬಂದರೆ, ಕರಡಿನಲ್ಲಿ ಅದೇ ಮಾತು ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಸೇರಿಸಿ ಎಂದು ಇನ್ನೊಂದು ಇಮೇಲ್ ಬರೆಯಿರಿ, ಕಂಪನಿಯ ಎಚ್‌ಆರ್ ವಿಳಾಸಕ್ಕೂ ಪ್ರತಿ ಹೋಗಲಿ.

ಇಷ್ಟೆಲ್ಲ ಕೇಳಿದರೆ ಆಫರ್ ಕೈತಪ್ಪೀತು ಎಂಬ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಸಾಲ ಮಾಡಿ ಓದಿಸಿದ ಮನೆಗೆ ಮೊದಲ ಸಂಬಳದ ತುರ್ತು ಎಷ್ಟೆಂಬುದು ಅನುಭವಿಸಿದವರಿಗೇ ಗೊತ್ತು. ಕೆಲವು ಕಡೆ ಷರತ್ತು ಒಂದಿಷ್ಟೂ ಬದಲಾಗದು. ಆಗಲೂ ಒಪ್ಪಿಕೊಳ್ಳುವುದು ತಪ್ಪಲ್ಲ. ನಿಜವಾಗಿ ಖರ್ಚಿನ ತರಬೇತಿ ಕೊಡುವ ಕಂಪನಿ ಒಂದು ವರ್ಷ ಇರಿ ಎಂದು ಕೇಳುವುದು ನ್ಯಾಯವೇ. ಆದರೆ ಎಷ್ಟು ತಿಂಗಳಿಗೆ, ಎಷ್ಟು ಹಣಕ್ಕೆ ಬದ್ಧರಾಗುತ್ತಿದ್ದೇವೆ ಎಂಬುದು ಒಪ್ಪುವ ದಿನ ಗೊತ್ತಿರಬೇಕು. ಕರಡು ತೋರಿಸಿ ಎಂದಿದ್ದಕ್ಕೇ ಆಫರ್ ಹಿಂತೆಗೆದುಕೊಳ್ಳುವ ಕಂಪನಿ, ಬಿಡುವ ದಿನ ರಿಲೀವಿಂಗ್ ಲೆಟರ್ ಕೊಡುವಾಗ ಉದಾರವಾಗಿರುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಒಬ್ಬೊಬ್ಬರೇ ಕೇಳುವಾಗಿನ ಅಂಜಿಕೆಯನ್ನು ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ಸುಲಭವಾಗಿ ಇಳಿಸಬಹುದು. ಕ್ಯಾಂಪಸ್ಸಿಗೆ ಬರುವ ಕಂಪನಿಯಿಂದ ಸಂಬಳದ ವಿವರ ತರಿಸಿಕೊಳ್ಳುವಾಗಲೇ ಬಾಂಡಿನ ಕರಡನ್ನೂ ತರಿಸಿ, ಸಂದರ್ಶನಕ್ಕೆ ಹೆಸರು ಕೊಡುವ ಮೊದಲು ವಿದ್ಯಾರ್ಥಿಗಳ ಕೈಗೆ ಕೊಡಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಕಂಪನಿಗೆ ಕಳುಹಿಸುವ ಫಾರಂನಲ್ಲಿ ಇನ್ನೊಂದು ಸಾಲು ಸೇರಿಸಿದರೆ ಸಾಕು.